ಡಿಪೋ ಗೇಟಿನಿಂದ ಮೊದಲ ಸ್ಟಾಪಿನವರೆಗಿನ ಸಮಯ ಯಾರ ಲೆಕ್ಕಕ್ಕೆ?

‘ಸಾರ್, ಸ್ಪ್ರೆಡ್ ಓವರ್ ಹನ್ನೆರಡು ಗಂಟೆ ಒಳಗೇ ಇದೆ, ನೀವೇ ನೋಡಿ’ ಅಂತ ಡ್ಯೂಟಿ ಚಾರ್ಟ್ ಮುಂದೆ ಇಡುವವರಿಗೆ ನಾನು ಮೊದಲು ಕೇಳುವುದು ಒಂದೇ ಮಾತು. ಡ್ರೈವರ್ ಎಷ್ಟು ಹೊತ್ತಿಗೆ ಬಂದು ಸಹಿ ಹಾಕಿದರು? ಆಗ ಚಾರ್ಟ್ ತಿರುವಿ ಹಾಕುತ್ತಾರೆ. ಸಹಿಯ ಸಮಯ ಅದರಲ್ಲಿ ಇರುವುದಿಲ್ಲ. ಮೊದಲ ಟ್ರಿಪ್ ಹೊರಡುವ ಸಮಯ, ಕೊನೆಯ ಟ್ರಿಪ್ ಸೇರುವ ಸಮಯ ಮಾತ್ರ ಇರುತ್ತದೆ. ಸ್ಪ್ರೆಡ್ ಓವರ್ ಅಂದರೆ ಮೊದಲ ಸಹಿಯಿಂದ ಕೊನೆಯ ಸಹಿಯವರೆಗಿನ ಇಡೀ ದಿನದ ಹರವು. ಇವರು ಮಾತ್ರ ಈ ಎರಡು ಟ್ರಿಪ್‌ಗಳ ನಡುವಿನ ಅಂತರಕ್ಕೇ ಆ ಹೆಸರಿಟ್ಟು ಸುಮ್ಮನಾಗಿರುತ್ತಾರೆ.

ಇದು ಒಬ್ಬಿಬ್ಬರ ತಪ್ಪಲ್ಲ. ಕಾಲೇಜು ಬಸ್ ನಡೆಸುವವರು, ಕಾರ್ಖಾನೆಗೆ ಗುತ್ತಿಗೆ ಬಸ್ ಬಿಡುವವರು, ಊರೊಳಗಿನ ಸರ್ವೀಸ್ ನಡೆಸುವವರು, ಎಲ್ಲರ ಹತ್ತಿರವೂ ಇದನ್ನು ಕಂಡಿದ್ದೇನೆ. ಟೈಮ್ ಟೇಬಲ್ ಮಾಡುವವನ ಕಣ್ಣಿಗೆ ಕಾಣುವುದು ಪ್ರಯಾಣಿಕ ಹತ್ತಿಳಿಯುವ ಬಸ್ಸು. ಖಾಲಿ ಬಸ್ಸು ಓಡುವ ಹೊತ್ತು ಡೀಸೆಲ್ ಲೆಕ್ಕದಲ್ಲಿ ‘ಡೆಡ್ ಕಿಲೋಮೀಟರ್’ ಅಂತ ಬರುತ್ತದೆ. ಮನುಷ್ಯನ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಕಾನೂನು ಈ ವಿಷಯದಲ್ಲಿ ಗೊಂದಲವನ್ನೇ ಉಳಿಸಿರಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಕೆಲಸದ ಸಮಯ ಅಂದರೇನು ಅಂತ ಬಿಡಿಸಿ ಹೇಳಿತ್ತು. ಬಸ್ ಓಡುವ ಹೊತ್ತು ಕೆಲಸ. ಕ್ಯಾಷ್ ಕಟ್ಟುವುದು, ರಿಜಿಸ್ಟರಿಗೆ ಸಹಿ ಹಾಕುವುದು, ಗಾಡಿ ವಹಿಸಿಕೊಳ್ಳುವುದು, ಗಾಡಿ ತಂದು ನಿಲ್ಲಿಸುವುದು ಕೂಡ ಕೆಲಸ. ಸಹಿ ಹಾಕಿದ ಜಾಗದಿಂದ ಗಾಡಿ ವಹಿಸಿಕೊಳ್ಳುವ ಜಾಗದವರೆಗಿನ ಪ್ರಯಾಣವೂ ಕೆಲಸವೇ. ಗಾಡಿ ಬಿಟ್ಟ ಜಾಗದಿಂದ ವಾಪಸ್ ಸಹಿ ಹಾಕುವ ಜಾಗಕ್ಕೆ ಬರುವುದೂ ಹಾಗೆಯೇ. ಟರ್ಮಿನಲ್‌ನಲ್ಲಿ ಹದಿನೈದು ನಿಮಿಷಕ್ಕಿಂತ ಕಡಿಮೆ ಹೊತ್ತು ಸುಮ್ನೆ ನಿಂತಿದ್ದರೂ ಅದು ಕೆಲಸದ ಲೆಕ್ಕಕ್ಕೇ ಬರುತ್ತಿತ್ತು.

ಆ ಕಾಯ್ದೆಯ ಮಿತಿಗಳು ಗೊತ್ತಿರುವವೇ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. 5 ಗಂಟೆಗಿಂತ ಜಾಸ್ತಿ ಒಂದೇ ಸಮನೆ ಕೆಲಸ ಇಲ್ಲ, ಅಷ್ಟರೊಳಗೆ ಕನಿಷ್ಠ ಅರ್ಧ ಗಂಟೆ ಬಿಡುವು. ಬಿಡುವೂ ಸೇರಿ ಇಡೀ ದಿನದ ಹರವು 12 ಗಂಟೆ ಮೀರಬಾರದು. ಕೆಲಸವನ್ನು ದಿನಕ್ಕೆ ಎರಡು ತುಂಡಿಗಿಂತ ಹೆಚ್ಚು ಮಾಡಬಾರದು. ಇವತ್ತಿನ ಡ್ಯೂಟಿ ಮುಗಿದ ಮೇಲೆ ನಾಳೆಯ ಡ್ಯೂಟಿಗೆ ಮೊದಲು 9 ಗಂಟೆ ವಿಶ್ರಾಂತಿ. ದೂರದ ರೂಟುಗಳಿಗೆ ವಿನಾಯಿತಿ ಇದೆ, ಆ ವಿಷಯ ಇಲ್ಲಿ ಬೇಡ. ಇನ್ನೊಂದು ಎಚ್ಚರಿಕೆ. ಆ ಕಾಯ್ದೆಯನ್ನು 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯೊಳಗೆ ಸೇರಿಸಲಾಗಿದೆ. ನಿಮ್ಮ ರಾಜ್ಯದ ಈಗಿನ ನಿಯಮದಲ್ಲಿ ಯಾವ ಅಂಕಿ ಇದೆ ಅಂತ ಕಾರ್ಮಿಕ ಇಲಾಖೆಯಲ್ಲಿ ಕೇಳಿಕೊಂಡೇ ಚಾರ್ಟ್ ಅಂತಿಮ ಮಾಡಿ. ನಾನಿಲ್ಲಿ 1961ರ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕುತ್ತೇನೆ.

ನನ್ನ ಮುಂದೆ ಬರುವ ಚಾರ್ಟುಗಳು ಹೇಗಿರುತ್ತವೆ ಅನ್ನುವುದಕ್ಕೆ ಒಂದು ನಮೂನೆ. ಬೆಂಗಳೂರಿನ ಅಂಚಿನ ಒಂದು ಬಡಾವಣೆಯಿಂದ ಮೆಜೆಸ್ಟಿಕ್‌ಗೆ ಬಸ್ಸು, ಒಂದು ಟ್ರಿಪ್‌ಗೆ 50 ನಿಮಿಷ, ಟ್ರಿಪ್‌ಗಳ ನಡುವೆ 5 ನಿಮಿಷ. ಇದು ಸ್ಪ್ಲಿಟ್ ಡ್ಯೂಟಿ. ಬೆಳಿಗ್ಗೆ 6.45ಕ್ಕೆ ಶುರು, ನಾಲ್ಕು ಟ್ರಿಪ್, 10.20ಕ್ಕೆ ಮುಗಿತು. ಮಧ್ಯಾಹ್ನ 3ಕ್ಕೆ ಮತ್ತೆ ಶುರು, ನಾಲ್ಕು ಟ್ರಿಪ್, 6.35ಕ್ಕೆ ಮುಗಿತು. ಕೆಲಸ ಒಟ್ಟು 7 ಗಂಟೆ 10 ನಿಮಿಷ. ಹರವು 11 ಗಂಟೆ 50 ನಿಮಿಷ. ನಡುವೆ 4 ಗಂಟೆ 40 ನಿಮಿಷ ಬಿಡುವು. ಕಾಗದದ ಮೇಲೆ ಯಾವ ಕೊರತೆಯೂ ಇಲ್ಲ ಅಲ್ವಾ?

ಈಗ ಇದನ್ನೇ ಡಿಪೋದಿಂದ ನೋಡೋಣ. ಡಿಪೋದಿಂದ ಮೊದಲ ಸ್ಟಾಪಿಗೆ ಬೆಳಿಗ್ಗೆ 25 ನಿಮಿಷ ಬೇಕು. ಅಂದರೆ ಬಸ್ಸು 6.20ಕ್ಕೆ ಗೇಟ್ ದಾಟಬೇಕು. ಅದಕ್ಕೂ ಮೊದಲು ಕಂಡಕ್ಟರ್ ಟಿಕೆಟ್ ಮಷೀನ್ ಮತ್ತು ವೇಬಿಲ್ ತೆಗೆದುಕೊಳ್ಳಬೇಕು. ಡ್ರೈವರ್ ಟೈರು ತಟ್ಟಿ ನೋಡಬೇಕು, ರೇಡಿಯೇಟರ್ ನೀರು ನೋಡಬೇಕು, ಬ್ರೇಕಿಗೆ ಗಾಳಿ ತುಂಬುವವರೆಗೆ ಕಾಯಬೇಕು. ಇದಕ್ಕೆ 15 ನಿಮಿಷ ಕೊಡಿ. ಸಹಿ 6.05ಕ್ಕೆ ಆಯಿತು. 10.20ಕ್ಕೆ ಟ್ರಿಪ್ ಮುಗಿದ ಮೇಲೆ ಬಸ್ಸು ಖಾಲಿಯಾಗಿ ಡಿಪೋಗೆ ಬರಲು 10.45, ಒಪ್ಪಿಸಿ ಸಹಿ ಹಾಕುವಾಗ 10.55. ಬೆಳಗಿನ ತುಂಡೇ 4 ಗಂಟೆ 50 ನಿಮಿಷ ಆಯಿತು.

ಮಧ್ಯಾಹ್ನ 3ರ ಟ್ರಿಪ್‌ಗೆ 2.35ಕ್ಕೆ ಗೇಟ್ ಬಿಡಬೇಕು, ಹಾಗಾಗಿ ಸಹಿ 2.25ಕ್ಕೆ. ಸಂಜೆ 6.35ಕ್ಕೆ ಕೊನೆಯ ಟ್ರಿಪ್ ಮುಗಿಯುವಾಗ ರಸ್ತೆ ತುಂಬಿರುತ್ತದೆ. ಬೆಳಗಿನ 25 ನಿಮಿಷದ ದಾರಿ ಆಗ 35 ನಿಮಿಷ. ಡಿಪೋ ಸೇರುವಾಗ 7.10. ಡೀಸೆಲ್ ಹಾಕಿಸಿ ಗಾಡಿ ನಿಲ್ಲಿಸಬೇಕು. ಕಂಡಕ್ಟರ್ ಕ್ಯಾಷ್ ಕೌಂಟರಿನ ಕ್ಯೂನಲ್ಲಿ ನಿಲ್ಲಬೇಕು. ಒಂದು ಸಂಜೆ ನಾನು ಅಲ್ಲೇ ನಿಂತು ನೋಡಿದ್ದೇನೆ. ಬ್ಯಾಗ್ ಬೋರಲು ಹಾಕಿ ಎರಡು ರೂಪಾಯಿ, ಐದು ರೂಪಾಯಿ ನಾಣ್ಯ ಬೇರೆ ಬೇರೆ ಮಾಡಿ, ಹರಿದ ಹತ್ತರ ನೋಟನ್ನು ಕ್ಯಾಷಿಯರ್ ವಾಪಸ್ ತಳ್ಳಿದಾಗ ಜೇಬಿನಿಂದ ಬೇರೆ ನೋಟು ತೆಗೆದುಕೊಟ್ಟು ಮುಗಿಸುವ ಕೆಲಸ ಅದು. 20 ನಿಮಿಷ ಅಂದರೆ ಕಡಿಮೆಯೇ. ಕೊನೆಯ ಸಹಿ 7.30ಕ್ಕೆ.

ಈಗ ಕೂಡಿಸಿ. ಹರವು ಬೆಳಿಗ್ಗೆ 6.05ರಿಂದ ಸಂಜೆ 7.30, ಅಂದರೆ 13 ಗಂಟೆ 25 ನಿಮಿಷ. ಎರಡನೇ ತುಂಡು 5 ಗಂಟೆ 5 ನಿಮಿಷ, ಅದರೊಳಗೆ ಅರ್ಧ ಗಂಟೆಯ ಬಿಡುವು ಎಲ್ಲೂ ಇಲ್ಲ. ಒಟ್ಟು ಕೆಲಸ 9 ಗಂಟೆ 55 ನಿಮಿಷ. 7 ಗಂಟೆ 10 ನಿಮಿಷ ಅಂದುಕೊಂಡಿದ್ದ ಡ್ಯೂಟಿ! 4 ಗಂಟೆ 40 ನಿಮಿಷದ ಬಿಡುವು ಮೂರೂವರೆ ಗಂಟೆಗೆ ಇಳಿಯಿತು.

ಸ್ಪ್ಲಿಟ್ ಡ್ಯೂಟಿಯಲ್ಲಿ ಜನ ಮರೆಯುವುದು ಇದನ್ನೇ. ಸಾಧಾರಣ ಶಿಫ್ಟಿನಲ್ಲಿ ಡಿಪೋ ದಾರಿ ಎರಡು ಸಲ ಬರುತ್ತದೆ, ಸ್ಪ್ಲಿಟ್‌ನಲ್ಲಿ ನಾಲ್ಕು ಸಲ. ಜೊತೆಗೆ ಆ ನಡುವಿನ ಬಿಡುವು ಕೆಲಸದ ಗಂಟೆಗೆ ಸೇರುವುದಿಲ್ಲ, ಹರವಿಗೆ ಮಾತ್ರ ಸೇರುತ್ತದೆ. ‘ಡ್ರೈವರ್ ಮಲಗಿದ್ದ ಸಾರ್, ಅದನ್ನೂ ಎಣಿಸಬೇಕಾ?’ ಅಂತ ಒಬ್ಬ ಮಾಲೀಕರು ಕೇಳಿದ್ದರು. ಸಂಬಳಕ್ಕೆ ಎಣಿಸಬೇಡಿ, ಹನ್ನೆರಡು ಗಂಟೆಗೆ ಎಣಿಸಿ ಅಂದೆ. ಅವರಿಗೆ ಅದು ತಂತ್ರದ ಮಾತಿನಂತೆ ಕೇಳಿಸಿತು. ಪಕ್ಕದಲ್ಲಿದ್ದ ಹಿರಿಯ ಡ್ರೈವರ್ ಒಬ್ಬರು ಮಧ್ಯೆ ಬಾಯಿ ಹಾಕಿದರು. ‘ಮನೆಗೆ ಹೋಗಕ್ಕೆ ಒಂದು ಗಂಟೆ, ಬರಕ್ಕೆ ಒಂದು ಗಂಟೆ ಸಾರ್. ಹೋಗಿ ಏನ್ ಮಾಡ್ಲಿ? ರೆಸ್ಟ್ ರೂಮಲ್ಲೇ ಬಿದ್ಕೊಂಡಿರ್ತೀನಿ. ಫ್ಯಾನ್ ಒಂದು ರಿಪೇರಿ ಮಾಡಿಸಿ ಸಾಕು.’ ಮಾಲೀಕರು ನನ್ನ ಮಾತಿಗೆ ತಲೆ ಆಡಿಸಲಿಲ್ಲ, ಫ್ಯಾನಿಗೆ ಒಪ್ಪಿದರು.

ಇಷ್ಟು ಹೇಳಿದ ಮೇಲೆ ಎರಡು ಉಪಾಯ ತಪ್ಪದೆ ಬರುತ್ತವೆ. ಮೊದಲನೆಯದು, ‘ಬಸ್ಸನ್ನು ಡಿಪೋಗೆ ತರೋದೇ ಬೇಡ, ಸಿಬ್ಬಂದಿ ಬೇರೆ ಬಸ್ ಹತ್ತಿ ಬಂದು ದಾರಿಯಲ್ಲೇ ಗಾಡಿ ವಹಿಸಿಕೊಳ್ಳಲಿ.’ ಡೀಸೆಲ್ ಉಳಿಯುತ್ತದೆ, ನಿಜ. ಆದರೆ ಡಿಪೋದಲ್ಲಿ ಸಹಿ ಹಾಕಿ ಹೊರಟವರು ಪ್ರಯಾಣಿಕರ ಸೀಟಿನಲ್ಲಿ ಕೂತಿದ್ದರೂ ಅದು ಕೆಲಸದ ಹೊತ್ತೇ. ಸ್ಟೀರಿಂಗ್ ಹಿಡಿದಿಲ್ಲ ಅಂದ ಮಾತ್ರಕ್ಕೆ ಬಿಡುವಾಗುವುದಿಲ್ಲ. ಕೆಲವೊಮ್ಮೆ ಈ ದಾರಿಯಲ್ಲಿ ಸಮಯ ಜಾಸ್ತಿಯೇ ಹೋಗುತ್ತದೆ, ಬರಬೇಕಾದ ಬಸ್ಸಿಗೆ ಕಾಯಬೇಕಲ್ಲ.

ಎರಡನೆಯದು, ‘ಸಹಿಯನ್ನೇ ಬಸ್ ಸ್ಟ್ಯಾಂಡಿಗೆ ವರ್ಗಾಯಿಸೋಣ.’ ಇದರಲ್ಲಿ ಹುರುಳಿದೆ. ಮನೆಯಿಂದ ಸಹಿ ಹಾಕುವ ಜಾಗಕ್ಕೆ ಬರುವ ದಾರಿ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಆಗ ರಾತ್ರಿ ಬಸ್ಸು ಅಲ್ಲೇ ನಿಲ್ಲಬೇಕು, ಕ್ಯಾಷ್ ಅಲ್ಲೇ ಕಟ್ಟಿಸಿಕೊಳ್ಳಬೇಕು, ಶೌಚಾಲಯ ಮತ್ತು ಮಲಗುವ ಜಾಗ ಬೇಕು. ಮಧ್ಯಾಹ್ನ ಡ್ರೈವರನ್ನೇ ಗಾಡಿ ಕಾಯಲು ಕೂರಿಸಿದರೆ ಅದು ಬಿಡುವು ಅಂತ ವಾದಿಸುವುದು ಕಷ್ಟ. ಇಷ್ಟೆಲ್ಲ ಮಾಡಿದರೂ ನಮ್ಮ ಈ ಚಾರ್ಟ್ ಉಳಿಯುವುದಿಲ್ಲ. ಮೊದಲ ಟ್ರಿಪ್‌ನಿಂದ ಕೊನೆಯ ಟ್ರಿಪ್‌ವರೆಗಿನ ಹರವೇ 11 ಗಂಟೆ 50 ನಿಮಿಷ ತಿಂದಿದೆ. ಎರಡೂ ತುದಿಯ ತಯಾರಿ, ಕ್ಯಾಷು, ಸಹಿ ಎಲ್ಲಕ್ಕೂ ಸೇರಿ ಉಳಿದಿರುವುದು ಹತ್ತೇ ನಿಮಿಷ.

ಹಾಗಾದರೆ ದಾರಿ? ನನಗೆ ತಿಳಿದ ಮಟ್ಟಿಗೆ ಒಂದೇ. ಸ್ಪ್ಲಿಟ್ ಡ್ಯೂಟಿಯಿಂದ ಬೆಳಗಿನ ಮೊದಲ ಟ್ರಿಪ್ಪನ್ನೂ ಸಂಜೆಯ ಕೊನೆ ಟ್ರಿಪ್ಪನ್ನೂ ಒಟ್ಟಿಗೆ ಮಾಡಿಸಬಾರದು. ಬೆಳಗಿನ 6.45ನ್ನು ಒಂದೇ ಸಮನೆ ನಡೆಯುವ ಮೊದಲ ಶಿಫ್ಟಿನವರಿಗೆ ಕೊಡಿ. ಸ್ಪ್ಲಿಟ್‌ನವರು 7.55ಕ್ಕೆ ಸಹಿ ಹಾಕಲಿ. 8.35ಕ್ಕೆ ಶುರು ಮಾಡಿ ನಾಲ್ಕು ಟ್ರಿಪ್, 12.10ಕ್ಕೆ ಮುಗಿತು. ಮಧ್ಯಾಹ್ನ ರಸ್ತೆ ಖಾಲಿ, 20 ನಿಮಿಷಕ್ಕೆ ಡಿಪೋ, 12.40ಕ್ಕೆ ಸಹಿ. ಇದು 4 ಗಂಟೆ 45 ನಿಮಿಷ. ಜನ ಕಡಿಮೆ ಇರುವ ಮಧ್ಯಾಹ್ನ 3ರ ಟ್ರಿಪ್‌ಗಳನ್ನು ಬಿಟ್ಟು, 4.15ಕ್ಕೆ ಸಹಿ, 4.50ರಿಂದ ಎರಡೇ ಟ್ರಿಪ್, 6.35ಕ್ಕೆ ಮುಗಿತು, 7.30ಕ್ಕೆ ಕೊನೆಯ ಸಹಿ. ಇದು 3 ಗಂಟೆ 15 ನಿಮಿಷ. ಒಟ್ಟು ಕೆಲಸ ಸರಿಯಾಗಿ 8 ಗಂಟೆ. ಹರವು 11 ಗಂಟೆ 35 ನಿಮಿಷ.

‘ಎಂಟು ಟ್ರಿಪ್ ಇದ್ದದ್ದು ಆರಾಯ್ತಲ್ಲ ಸ್ವಾಮಿ’ ಅಂತ ಮಾಲೀಕರ ಮುಖ ಸಣ್ಣಗಾಗುತ್ತದೆ. ಹಳೆಯ ಚಾರ್ಟಿನಲ್ಲಿ ಎಂಟು ಗಂಟೆಯ ಮೇಲೆ 1 ಗಂಟೆ 55 ನಿಮಿಷ ಓಟಿ ಇತ್ತು. ಎರಡು ಪಟ್ಟು ದರದಲ್ಲಿ ಅದು 3 ಗಂಟೆ 50 ನಿಮಿಷದ ಸಂಬಳ. ಅಂದರೆ ಎಂಟು ಟ್ರಿಪ್‌ಗೆ 11 ಗಂಟೆ 50 ನಿಮಿಷದ ಕೂಲಿ, ಟ್ರಿಪ್‌ಗೆ ಸುಮಾರು 89 ನಿಮಿಷ. ಹೊಸದರಲ್ಲಿ ಟ್ರಿಪ್‌ಗೆ 80 ನಿಮಿಷ. ಹಳೆಯದು ಅಗ್ಗ ಅಂತ ಅನ್ನಿಸಿದ್ದು ಆ ಓಟಿಯನ್ನು ಯಾರೂ ಬರೆದಿರಲಿಲ್ಲ ಅನ್ನುವ ಕಾರಣಕ್ಕೆ. ಓಟಿ ಕೊಟ್ಟರೂ ಹನ್ನೆರಡು ಗಂಟೆಯ ಮಿತಿ ದೊಡ್ಡದಾಗುವುದಿಲ್ಲ ಅನ್ನುವುದು ಬೇರೆ ಮಾತು.

ಹೊಸ ಚಾರ್ಟೂ ಬಿಗಿಯಾಗಿಯೇ ಇದೆ, ಮುಚ್ಚಿಡುವುದಿಲ್ಲ. ಸಂಜೆ ಹತ್ತು ನಿಮಿಷ ತಡವಾದರೆ ಹತ್ತು ನಿಮಿಷ ಓಟಿ ಕೊಡಬೇಕು. ಹರವಿನಲ್ಲಿ ಮಾತ್ರ 25 ನಿಮಿಷ ಕೈಯಲ್ಲಿದೆ. ಮಳೆಗಾಲದ ಸಂಜೆಗಳಲ್ಲಿ ಅದೂ ಕರಗಬಹುದು. ಹಾಗಾಗಿ ಡಿಪೋ ದಾರಿಗೆ ದಿನವಿಡೀ ಒಂದೇ ಅಂಕಿ ಹಾಕಬೇಡಿ. ಕಿಲೋಮೀಟರ್ ಭಾಗಿಸಿ ಸರಾಸರಿ ತೆಗೆಯುವುದಂತೂ ಬೇಡವೇ ಬೇಡ.

ನಿಜವಾದ ಅಂಕಿ ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀರಿ. ಟಿಕೆಟ್ ಮಷೀನಿನಲ್ಲಿ ಸಿಗುವುದಿಲ್ಲ. ಅದಕ್ಕೆ ಗೊತ್ತಿರುವುದು ಮೊದಲ ಟಿಕೆಟ್ ಮತ್ತು ಕೊನೆಯ ಟಿಕೆಟ್. ಡಿಪೋದ ಸೆಕ್ಯುರಿಟಿಯವರ ಗೇಟ್ ರಿಜಿಸ್ಟರ್ ತೆಗೆಸಿ. ಬಸ್ಸು ಹೊರಟ ಮತ್ತು ಒಳಬಂದ ಸಮಯ ಅದರಲ್ಲಿರುತ್ತದೆ. ಅದರ ಪಕ್ಕದಲ್ಲಿ ಹಾಜರಿ ಪುಸ್ತಕ ಮತ್ತು ಕ್ಯಾಷ್ ರಸೀದಿಯ ಸಮಯ ಇಟ್ಟುಕೊಳ್ಳಿ. ಸಂಬಳ ಬಂದ ಮೊದಲ ವಾರ, ಮಳೆ ಬಂದ ಒಂದು ವಾರ, ಶಾಲೆಗೆ ರಜೆ ಇರುವ ಒಂದು ವಾರ, ಮೂರನ್ನೂ ನೋಡಿ. ಹಾಜರಿ ಪುಸ್ತಕದಲ್ಲಿ ಎಲ್ಲರೂ ದಿನಾಲೂ ಚಾರ್ಟಿನ ಸಮಯಕ್ಕೇ ಸರಿಯಾಗಿ ಸಹಿ ಹಾಕಿದ್ದರೆ ಆ ಪುಸ್ತಕವನ್ನು ನಂಬಬೇಡಿ, ಯಾರೋ ಒಬ್ಬರೇ ಕೂತು ತುಂಬಿಸಿರುತ್ತಾರೆ. ಗೇಟ್ ರಿಜಿಸ್ಟರಿನಲ್ಲಿ ಅಂಕಿಗಳು ಅಡ್ಡಾದಿಡ್ಡಿಯಾಗಿದ್ದರೆ ಅದನ್ನು ನಂಬಿ.