ಅಳತೆ ಎಲ್ಲವೂ ಇದೆ, ಆದರೂ ಮೇಸ್ತ್ರಿ ಕೇಳುತ್ತಾರೆ. ಏಕೆ?

ಪ್ರಶ್ನೆ: ನಾನು ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿ. ಮನೆಯೊಂದರ ಪ್ಲಾನ್‌ನಲ್ಲಿ ಪ್ರತಿ ಕೋಣೆಯ ಉದ್ದಗಲವನ್ನೂ ಬರೆದಿದ್ದೇನೆ. ಆದರೂ ಕಿಟಕಿ ಎಲ್ಲಿ, ಗೋಡೆ ಎಷ್ಟು ಎಂದು ಮೇಸ್ತ್ರಿ ಕೇಳುತ್ತಲೇ ಇರುತ್ತಾರೆ. ನಕ್ಷೆಯಲ್ಲಿ ಏನು ತಪ್ಪಿದೆ?

ಉತ್ತರ: ಕೋಣೆಯ ಒಳಗೆ ಬರೆದ ಉದ್ದಗಲವು ಕೋಣೆಯ ಗಾತ್ರವನ್ನು ತಿಳಿಸುತ್ತದೆಯೇ ಹೊರತು, ಗೋಡೆ ಎಲ್ಲಿಂದ ಆರಂಭವಾಗಬೇಕು ಎಂಬುದನ್ನು ತಿಳಿಸುವುದಿಲ್ಲ. ಮೇಸ್ತ್ರಿಗೆ ಬೇಕಾದದ್ದು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಎಲ್ಲಿಯೂ ಕಡಿಯದೆ ಸಾಗುವ ಅಳತೆಯ ಸರಪಳಿ. ರೂಢಿಯಲ್ಲಿ ಅದನ್ನು ಪ್ಲಾನ್‌ನ ಹೊರಗೆ ಮೂರು ಸಾಲುಗಳಲ್ಲಿ ಬರೆಯುತ್ತಾರೆ: ಗೋಡೆಗೆ ಹತ್ತಿರದ ಸಾಲಿನಲ್ಲಿ ಬಾಗಿಲು ಕಿಟಕಿಗಳು, ನಡುವಿನದರಲ್ಲಿ ಗೋಡೆ ಮತ್ತು ಕೋಣೆಗಳು, ಹೊರಗಿನದರಲ್ಲಿ ಒಟ್ಟು ಅಳತೆ.

ಮುಂಭಾಗದಲ್ಲಿ ಎರಡು ಕೋಣೆಗಳಿರುವ ಮನೆಯನ್ನು ತೆಗೆದುಕೊಳ್ಳೋಣ. ಹೊರಗೋಡೆ 230 ಮಿ.ಮೀ., ಕೋಣೆ 3000, ನಡುಗೋಡೆ 115, ಕೋಣೆ 3600, ಮತ್ತೆ ಹೊರಗೋಡೆ 230, ಕೂಡಿದರೆ 7175. ಮೊದಲ ಕೋಣೆಯ ನಡುವೆ 1500ರ ಕಿಟಕಿಯೂ ಎರಡನೆಯದರ ನಡುವೆ 1800ರ ಕಿಟಕಿಯೂ ಇದ್ದರೆ, ಒಳಸಾಲು 980, 1500, 1765, 1800, 1130 ಎಂದು ಸಾಗಿ ಅದೇ 7175ಕ್ಕೆ ಮುಟ್ಟಬೇಕು. ಹೊರಸಾಲಿನಲ್ಲಿ ಅಂದಾಜಿಗೆ 7200 ಎಂದು ಬರೆದರೆ ಉಳಿದ 25 ಮಿ.ಮೀ. ಅನ್ನು ಯಾವ ಕೋಣೆಗೆ ಸೇರಿಸಬೇಕೆಂದು ನಿವೇಶನದಲ್ಲಿ ದಾರ ಕಟ್ಟುವವರೇ ತೀರ್ಮಾನಿಸಬೇಕಾಗುತ್ತದೆ. ಆದ್ದರಿಂದ ಮೂರೂ ಸಾಲುಗಳನ್ನು ಕೈಯಾರೆ ಕೂಡಿ ನೋಡಿ. ಕಂಪ್ಯೂಟರ್ ಅಳತೆಗಳನ್ನು ಪೂರ್ಣಾಂಕಕ್ಕೆ ತಿರುಗಿಸಿ ತೋರಿಸುವಾಗಲೂ ಮೊತ್ತ ತಪ್ಪಬಹುದು. ಈ ಅಳತೆಗಳು ಇಟ್ಟಿಗೆಯ ಮುಖದಿಂದ ಹಿಡಿದವೇ, ಗಾರೆಯ ಮುಖದಿಂದ ಹಿಡಿದವೇ ಎಂಬುದನ್ನೂ ನಕ್ಷೆಯಲ್ಲೇ ಬರೆಯಿರಿ: ಒಳಗೆ ಎರಡೂ ಕಡೆ 12 ಮಿ.ಮೀ. ಗಾರೆ ಬಂದರೆ 3000ರ ಕೋಣೆ 2976ಕ್ಕೆ ಇಳಿಯುತ್ತದೆ, ಅಳತೆಗೆ ತಕ್ಕಂತೆ ಮೊದಲೇ ಮಾಡಿಸಿದ ಕಪಾಟು ಅಲ್ಲಿ ಕೂರುವುದಿಲ್ಲ. ಕಂಬ, ತೊಲೆಗಳ ಕಟ್ಟಡವಾದರೆ ಕಂಬಗಳ ಸೆಂಟರ್ ಲೈನ್ ನಕ್ಷೆ ಬೇರೆಯಾಗಿಯೇ ಬೇಕು.

ಈ ಸರಪಳಿ ಓದಲು ಬರುವುದು ಗೆರೆಗಳ ದಪ್ಪದಲ್ಲಿ ವ್ಯತ್ಯಾಸವಿದ್ದಾಗ ಮಾತ್ರ. ಪ್ಲಾನ್ ಎಂದರೆ ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಮನೆಯನ್ನು ಅಡ್ಡವಾಗಿ ಕತ್ತರಿಸಿ ಮೇಲಿನಿಂದ ನೋಡಿದ ಚಿತ್ರ. ಕತ್ತರಿಸಿದ ಗೋಡೆಗೆ 0.5 ಮಿ.ಮೀ., ಕೆಳಗೆ ಕಾಣುವ ಮೆಟ್ಟಿಲು, ಕಟ್ಟೆಗಳಿಗೆ 0.25, ಅಳತೆಯ ಗೆರೆಗಳಿಗೆ 0.13 ಅಥವಾ 0.18 ದಪ್ಪ ಸಾಕು. ಎಲ್ಲವೂ ಒಂದೇ ದಪ್ಪದಲ್ಲಿದ್ದರೆ ಅಳತೆಯ ಗೆರೆಯೇ ಗೋಡೆಯಂತೆ ಕಾಣುತ್ತದೆ.

ಸ್ಕೇಲಿನ ತೊಂದರೆ ಹೆಚ್ಚಾಗಿ ಪ್ರಿಂಟ್ ತೆಗೆಯುವಾಗ ಹುಟ್ಟುತ್ತದೆ. ಎ3 ಹಾಳೆಗೆ 1:100ರಲ್ಲಿ ಹೊಂದಿಸಿದ ನಕ್ಷೆಯನ್ನು `Fit` ಆಯ್ಕೆಯಿಂದ ಎ4ಕ್ಕೆ ಕುಗ್ಗಿಸಿದರೆ ಅದು ಸುಮಾರು 1:141 ಆಗುತ್ತದೆ; 71.75 ಮಿ.ಮೀ. ಇರಬೇಕಾದ ಮುಂಭಾಗ ಕಾಗದದ ಮೇಲೆ 51 ಮಿ.ಮೀ.ಗೂ ಕಡಿಮೆಯಾಗುತ್ತದೆ, ಆದರೆ ಕೆಳಗೆ 1:100 ಎಂಬ ಬರಹ ಹಾಗೆಯೇ ಉಳಿಯುತ್ತದೆ. ನಕ್ಷೆಯೊಡನೆ ತಾನೂ ಕುಗ್ಗುವ ಅಳತೆಪಟ್ಟಿಯೊಂದನ್ನು ಹಾಳೆಯಲ್ಲಿ ಬರೆದಿಟ್ಟರೆ ಇದು ಕೂಡಲೇ ಗೊತ್ತಾಗುತ್ತದೆ.

ಉತ್ತರ ದಿಕ್ಕಿನ ಬಾಣವನ್ನು ಹಾಳೆಯ ಮೇಲ್ತುದಿಗೆ ಸುಮ್ಮನೆ ತಿರುಗಿಸಬೇಡಿ. ನಿವೇಶನದ ನಕ್ಷೆಯಲ್ಲಿ ಇರುವ ಕೋನದಲ್ಲೇ ಇರಿಸಿ. ನೆಲಮಹಡಿ ಮತ್ತು ಮೊದಲ ಮಹಡಿಯ ಹಾಳೆಗಳಲ್ಲಿ ಮನೆಯನ್ನು ಒಂದೇ ದಿಕ್ಕಿಗೆ ಬರೆಯಿರಿ, ಇಲ್ಲವಾದರೆ ಮೆಟ್ಟಿಲು ಯಾವ ಮೂಲೆಗೆ ಹತ್ತುತ್ತದೆ ಎಂಬ ಪ್ರಶ್ನೆ ಮತ್ತೆ ನಿಮಗೇ ಬರುತ್ತದೆ.