ಎರಡನೇ ಪೈಪ್ ಎಳೆದ್ರೂ ನೀರು ಯಾಕೆ ಜಾಸ್ತಿ ಆಗಲ್ಲ

ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆ ಗುಡ್ಡದ ಮೇಲಿಂದ ಅಬ್ಬಿ ನೀರು ಪೈಪಲ್ಲಿ ಇಳಿಸ್ಕೊಂಡಿರೋ ಕೇರಿಗಳಲ್ಲಿ ನೀರು ಸಣ್ಣ ಆಯ್ತು ಅಂದ್ರೆ ಮೊದಲು ಬರೋ ಸಲಹೆ "ಇನ್ನೊಂದು ಪೈಪ್ ಎಳೆದುಬಿಡಿ ಮಾರಾಯ್ರೆ" ಅಂತ. ದುಡ್ಡು ಒಟ್ಟು ಮಾಡಿ ಎಳೀತಾರೆ, ಆಮೇಲೆ ನೋಡಿದ್ರೆ ತೊಟ್ಟಿಗೆ ಬೀಳೋ ನೀರು ಹಾಗೇ ಇರತ್ತೆ. ಯಾಕೆ ಅಂತ ತಿಳ್ಕೊಳ್ಳೋಕೆ ಸಮಾನ ಪೈಪ್ ಅನ್ನೋ ಒಂದು ಲೆಕ್ಕ ಇದೆ. ಬೇರೆ ಬೇರೆ ಸೈಜಿನ ಪೈಪೆಲ್ಲ ತೆಗೆದು, ಅಷ್ಟೇ ನೀರು ಬಿಡೋ ಒಂದೇ ಸೈಜಿನ ಪೈಪ್ ಅಲ್ಲಿದೆ ಅಂದ್ಕೊಂಡು ಅದು ಎಷ್ಟು ಉದ್ದ ಅಂತ ನೋಡೋದು.

ಒಂದು ಲೈನ್ ತಗೊಳ್ಳೋಣ. ಮೇಲಿನ ಟ್ಯಾಂಕಿಗೂ ಕೆಳಗಿನ ತೊಟ್ಟಿಗೂ 20 ಮೀಟರ್ ಎತ್ತರದ ವ್ಯತ್ಯಾಸ. ಟ್ಯಾಂಕಿಯಿಂದ ಮೊದಲು 300 ಮೀಟರ್, ಆಮೇಲೆ ತೋಟದ ಅಂಚಲ್ಲಿ 200 ಮೀಟರ್, ಎರಡೂ 50 ಎಂಎಂ ಪೈಪ್. ಕೊನೆಗೆ ಪೈಪ್ ಸಾಲದೆ ಯಾರದೋ ಮನೇಲಿ ಉಳಿದಿದ್ದ 32 ಎಂಎಂ ಪೈಪನ್ನೇ 100 ಮೀಟರ್ ಜೋಡಿಸಿದ್ದಾರೆ. ನೀರು ಸಾಲ್ತಿಲ್ಲ ಅಂತ ತೋಟದ ಅಂಚಿನ 200 ಮೀಟರಿಗೆ ಪಕ್ಕದಲ್ಲೇ 40 ಎಂಎಂ ಪೈಪ್ ಎಳೆದು ಎರಡೂ ತುದಿಲಿ ಟೀ ಹಾಕಿ ಸೇರಿಸಿದ್ರು, ಅಲ್ಲಿ ಜಾಗ ಸಲೀಸಾಗಿತ್ತು ಅನ್ನೋದು ಬಿಟ್ರೆ ಬೇರೆ ಕಾರಣ ಏನೂ ಇಲ್ಲ. (ಇಲ್ಲಿ ಹೇಳ್ತಿರೋದೆಲ್ಲ ಒಳಗಿನ ಅಳತೆ. ಅಂಗಡಿಯ ಕಪ್ಪು ಪೈಪು, ಪಿವಿಸಿ ಪೈಪಿನ ಮೇಲೆ ಬರೆದಿರೋ ಎಂಎಂ ಹೊರಗಿನದು. ಒಳಗೆ ಹತ್ತು ಪರ್ಸೆಂಟ್ ಕಮ್ಮಿ ಇದ್ರೂ ಘರ್ಷಣೆ ನಷ್ಟ ಒಂದೂಮುಕ್ಕಾಲು ಪಟ್ಟಿನ ಹತ್ತಿರ ಹೋಗತ್ತೆ, ಹಾಗಾಗಿ ಪೈಪಿನ ಬಾಯಿ ಅಳೆದೇ ಲೆಕ್ಕಕ್ಕೆ ಕೂರಬೇಕು.)

ಈಗ ಎಲ್ಲಾನೂ 50 ಎಂಎಂ ಪೈಪಿಗೆ ಬದಲಾಯಿಸೋಣ. ಒಂದರ ಹಿಂದೆ ಒಂದು ಜೋಡಿಸಿದ ಪೈಪಲ್ಲಿ ಹರಿಯೋ ನೀರು ಒಂದೇ, ಒತ್ತಡದ ನಷ್ಟ ಮಾತ್ರ ಕೂಡ್ಕೊಂಡು ಹೋಗತ್ತೆ. ಹೇಝನ್-ವಿಲಿಯಮ್ಸ್ ಸೂತ್ರದ ಪ್ರಕಾರ ಅದೇ ನೀರು ಹರೀತಿದ್ರೆ ನಷ್ಟ ಉದ್ದಕ್ಕೆ ತಕ್ಕಂತೆ ಏರತ್ತೆ, ವ್ಯಾಸದ 4.87ನೇ ಘಾತಕ್ಕೆ ತಕ್ಕಂತೆ ಇಳಿಯತ್ತೆ. ಪೈಪಿನ ಒಳಮೈ ಒಂದೇ ಥರ ಇದ್ರೆ ಸಮಾನ ಉದ್ದ ಹೀಗೆ:

```
L2 = L1 × (d2/d1)^4.87
100 × (50/32)^4.87 = 879
```

ಅಂದ್ರೆ ಕೊನೇಲಿ ಸಿಕ್ಕಿಸಿದ ಆ 100 ಮೀಟರ್ 32 ಎಂಎಂ ಪೈಪು 50 ಎಂಎಂ ಲೆಕ್ಕದಲ್ಲಿ 879 ಮೀಟರ್ ಉದ್ದ! ಮೇಲಿನ 500 ಮೀಟರ್ ಪೂರ್ತಿ ಸೇರಿದ್ರೂ ಇದಕ್ಕೆ ಸಮ ಇಲ್ಲ.

ಜೋಡಿ ಪೈಪಿನ ಕಥೆ ಉಲ್ಟಾ. ಎರಡೂ ಒಂದೇ ಜಾಗದಲ್ಲಿ ಶುರುವಾಗಿ ಒಂದೇ ಜಾಗದಲ್ಲಿ ಸೇರೋದ್ರಿಂದ ಎರಡರಲ್ಲೂ ನಷ್ಟ ಒಂದೇ ಇರಬೇಕು, ನೀರು ಮಾತ್ರ ಹಂಚ್ಕೊಳ್ಳತ್ತೆ. ಅದೇ ನಷ್ಟಕ್ಕೆ, ಅದೇ ಉದ್ದಕ್ಕೆ ನೀರು ವ್ಯಾಸದ 2.63ನೇ ಘಾತಕ್ಕೆ ತಕ್ಕಂತೆ ಹೋಗೋದ್ರಿಂದ 50ರಲ್ಲಿ 1 ಪಾಲು ಹೋದ್ರೆ 40ರಲ್ಲಿ 0.556 ಪಾಲು. ಅಲ್ಲಿಗೆ ಜೋಡಿ ಎಳೆದ ಭಾಗ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ನೀರು ಬಿಡತ್ತೆ. ಐವತ್ತು ನಲವತ್ತು ಕೂಡಿದ್ರೆ ತೊಂಬತ್ತು ಎಂಎಂ ಅಂತ ಲೆಕ್ಕ ಹಾಕೋರಿದ್ದಾರೆ, ಅದಕ್ಕಿಂತ ಬುದ್ಧಿವಂತರು ಬಾಯಿಯ ವಿಸ್ತೀರ್ಣ ಕೂಡಿ 64 ಅಂತಾರೆ, ನಿಜವಾಗಿ ಈ ಜೋಡಿಗೆ ಸಮ ಆಗೋದು 59 ಎಂಎಂ ಪೈಪು. ಸಣ್ಣ ಪೈಪಲ್ಲಿ ಇರೋ ಸ್ವಲ್ಪ ನೀರಿಗೆ ಗೋಡೆ ಜಾಸ್ತಿ ತಾಗೋದ್ರಿಂದ ವಿಸ್ತೀರ್ಣದ ಲೆಕ್ಕ ಇಲ್ಲಿ ನಡೆಯಲ್ಲ. ಅದೇ ಸೂತ್ರದಲ್ಲಿ ನಷ್ಟ ಹರಿಯೋ ನೀರಿನ 1.852ನೇ ಘಾತಕ್ಕೆ ತಕ್ಕಂತೆ ಏರೋದ್ರಿಂದ, ಇದನ್ನ ಮತ್ತೆ 50 ಎಂಎಂ ಉದ್ದಕ್ಕೆ ತಂದ್ರೆ:

```
200 / 1.556^1.852 = 88
```

200 ಮೀಟರ್ ಇದ್ದಿದ್ದು 88 ಆಯ್ತು, ಭಾರಿ ಲಾಭ ಅನ್ಸತ್ತೆ ಅಲ್ವಾ? ಆದ್ರೆ ಒಟ್ಟು ನೋಡಿ. ಮೊದಲು 300, 200, 879 ಸೇರಿ 1379 ಮೀಟರ್ ಇತ್ತು, ಈಗ 1267. ಅಷ್ಟೆಲ್ಲ ಖರ್ಚು ಮಾಡಿ ಕಮ್ಮಿ ಆಗಿದ್ದು 112 ಮೀಟರ್ ಮಾತ್ರ.

ಒಳಮೈ ಎಷ್ಟು ನುಣುಪು ಅಂತ ಹೇಳೋ ಸೂತ್ರದ C ಬೆಲೆ ನುಣುಪು ಪ್ಲಾಸ್ಟಿಕ್ ಪೈಪಿಗೆ 140 ಅಂತ ಇಟ್ಕೊಂಡ್ರೆ ಮೊದಲು ನಿಮಿಷಕ್ಕೆ 90 ಲೀಟರ್ ಬರ್ತಿತ್ತು, ಎರಡನೇ ಪೈಪ್ ಎಳೆದ ಮೇಲೆ 94. 20 ಲೀಟರ್ ಬಕೆಟ್ ತುಂಬೋಕೆ 13.3 ಸೆಕೆಂಡ್ ಬದಲು 12.8 ಸೆಕೆಂಡ್, ಅರ್ಧ ಸೆಕೆಂಡಿನ ವ್ಯತ್ಯಾಸ ಯಾರ ಕಣ್ಣಿಗೆ ಕಾಣತ್ತೆ ಹೇಳಿ. ಅದೇ 40ರ ಪೈಪ್ ಎಳೆಯೋ ಗೋಜಿಗೇ ಹೋಗದೆ ಕೊನೆಯ 100 ಮೀಟರ್ ಮಾತ್ರ 50 ಎಂಎಂ ಮಾಡಿದ್ದಿದ್ರೆ ಪೂರ್ತಿ ಲೈನ್ 600 ಮೀಟರ್ ಆಗಿ ನಿಮಿಷಕ್ಕೆ 141 ಲೀಟರ್ ಬರ್ತಿತ್ತು. ಅರ್ಧ ಉದ್ದದ ಪೈಪಿಗೆ ಹತ್ತು ಪಟ್ಟಿಗಿಂತ ಜಾಸ್ತಿ ಲಾಭ.

ಲೆಕ್ಕ ನಂಬಲ್ಲ ಅನ್ನೋರು 32 ಎಂಎಂ ಶುರುವಾಗೋ ಜಾಗದಲ್ಲಿ ಒಂದು ಪ್ರೆಶರ್ ಗೇಜ್ ಹಾಕಿ, ಕೆಳಗೆ ನೀರು ಪೂರ್ತಿ ಬಿಟ್ಟು ನೋಡ್ಬಹುದು. ಕೊನೆ ಭಾಗ ಸಮತಟ್ಟಾಗಿದ್ರೆ ಗೇಜ್ 1.4 ಕೆಜಿ ಹತ್ತಿರ ತೋರಿಸತ್ತೆ, ಅಂದ್ರೆ 20 ಮೀಟರಲ್ಲಿ 14 ಮೀಟರ್ ಒತ್ತಡ ಇನ್ನೂ ಖರ್ಚೇ ಆಗಿಲ್ಲ, ಅಷ್ಟೂ ಮುಂದಿನ 100 ಮೀಟರಲ್ಲೇ ಹೋಗ್ತಿದೆ. ಅದಕ್ಕೂ ಮೊದಲು ಮೇಲಿನ ಟ್ಯಾಂಕಿ ತುಂಬಿ ಹೊರಗೆ ಚೆಲ್ತಿದೆಯಾ ನೋಡಿ. ಚೆಲ್ತಿದ್ರೆ ಮಾತ್ರ ಇದು ಪೈಪಿನ ತೊಂದರೆ, ಏಪ್ರಿಲಲ್ಲಿ ಅಬ್ಬಿನೇ ಸಣ್ಣ ಆಗಿ ಟ್ಯಾಂಕಿ ಖಾಲಿ ಇದ್ರೆ ಯಾವ ಪೈಪ್ ಹಾಕಿದ್ರೂ ಅಷ್ಟೇ.

ಇನ್ನೊಂದು ವಿಷ್ಯ, ನಡುವೆ ಯಾರಾದ್ರೂ ತೋಟಕ್ಕೆ ಅಂತ ಟೀ ಹಾಕಿ ನೀರು ತಗೊಂಡಿದ್ರೆ ಆ ಟೀ ದಾಟಿ ಕೂಡೋ ಹಾಗಿಲ್ಲ, ಯಾಕಂದ್ರೆ ಆಚೆ ಈಚೆ ಹರಿಯೋ ನೀರು ಒಂದೇ ಇರಲ್ಲ. ಜೋಡಿ ಪೈಪಿನ ನಡುವೆ ಅಡ್ಡ ಕನೆಕ್ಷನ್ ಕೊಟ್ಟಿದ್ರೂ ಈ ಸುಲಭದ ಲೆಕ್ಕ ನಿಲ್ಲಲ್ಲ, ಅಂಥದ್ದಕ್ಕೆ 1936ರಲ್ಲಿ ಹಾರ್ಡಿ ಕ್ರಾಸ್ ಅನ್ನೋ ಅಮೆರಿಕದ ಎಂಜಿನಿಯರ್ ಪ್ರಕಟಿಸಿದ, ಊಹೆ ಮಾಡಿ ತಿದ್ದುತ್ತಾ ಹೋಗೋ ವಿಧಾನ ಇದೆ.

ಆದ್ರೆ ಮಲೆನಾಡಲ್ಲಿ ನಿಜವಾಗಿ ಕಾಡೋದು ದಿಬ್ಬ. ಸಮಾನ ಪೈಪ್ ಎರಡು ತುದಿಯ ಲೆಕ್ಕ ಮಾತ್ರ ಹೇಳತ್ತೆ, ನಡುವೆ ಪೈಪ್ ಎಲ್ಲಿ ಹತ್ತಿ ಎಲ್ಲಿ ಇಳಿಯತ್ತೆ ಅಂತ ಅದಕ್ಕೆ ಗೊತ್ತೇ ಇಲ್ಲ. ನಮ್ಮ ಲೈನಲ್ಲಿ ಟ್ಯಾಂಕಿಯಿಂದ 250 ಮೀಟರ್ ದೂರದಲ್ಲಿ ಒಂದು ದಿಬ್ಬ ಇದೆ, ಅದರ ನೆತ್ತಿ ಟ್ಯಾಂಕಿ ನೀರಿಗಿಂತ 6 ಮೀಟರ್ ಮಾತ್ರ ಕೆಳಗೆ ಅಂದ್ಕೊಳ್ಳಿ. ನಿಮಿಷಕ್ಕೆ 94 ಲೀಟರ್ ಹರಿಯೋವಾಗ ಅಲ್ಲಿವರೆಗಿನ ನಷ್ಟ ಸುಮಾರು 4 ಮೀಟರ್, ನೆತ್ತಿಯಲ್ಲಿ ಇನ್ನೂ 2 ಮೀಟರ್ ಒತ್ತಡ ಉಳಿದಿರತ್ತೆ. ಈಗ ಜೋಡಿ ಪೈಪ್ ಇದ್ದ ಹಾಗೇ ಇಟ್ಟು ಕೆಳಗಿನ 32 ತೆಗೆದು 50 ಹಾಕಿ. ಒಟ್ಟು ಸಮಾನ ಉದ್ದ 488 ಮೀಟರ್, ಲೆಕ್ಕದ ಪ್ರಕಾರ 158 ಲೀಟರ್ ಬರಬೇಕು, ಆದ್ರೆ ನೆತ್ತಿಗೆ ಬರೋಷ್ಟರಲ್ಲಿ 10 ಮೀಟರ್ ನಷ್ಟ ಆಗಿ ಒತ್ತಡ ಸೊನ್ನೆಗಿಂತ 4 ಮೀಟರ್ ಕೆಳಗೆ ಹೋಗತ್ತೆ. ಜಾಯಿಂಟಲ್ಲಿ ಗಾಳಿ ಎಳ್ಕೊಳ್ಳತ್ತೆ, ನೀರಲ್ಲಿ ಕರಗಿದ್ದ ಗಾಳಿನೂ ಬಿಟ್ಕೊಂಡು ನೆತ್ತಿಯಲ್ಲಿ ಕಟ್ಕೊಳ್ಳತ್ತೆ. ಕೆಳಗೆ ನಲ್ಲಿಲಿ ನೀರು ಉಗುಳಿ ಉಗುಳಿ ಬರತ್ತೆ, 158 ಲೀಟರ್ ಅನ್ನೋದು ಕಾಗದದ ಮೇಲೇ ಉಳಿಯತ್ತೆ.

ಇಂಥ ಕಡೆ ನಾನಾದ್ರೆ ತೋಟದ ಅಂಚಿನ ಆ 40ರ ಪೈಪನ್ನ ಕಿತ್ತು ಟ್ಯಾಂಕಿಯ ಪಕ್ಕದ ಮೊದಲ 200 ಮೀಟರಿಗೆ ಎಳೆಸ್ತೀನಿ. ಒಟ್ಟು ಉದ್ದ ಅದೇ 488, ನೀರೂ ಅದೇ 158 ಲೀಟರ್, ಸಮಾನ ಪೈಪಿನ ಲೆಕ್ಕಕ್ಕೆ ಎರಡೂ ಒಂದೇ. ಆದ್ರೆ ನೆತ್ತಿವರೆಗಿನ ಸಮಾನ ಉದ್ದ ಈಗ 250 ಅಲ್ಲ, 88 ಮತ್ತು 50 ಸೇರಿ 138 ಮೀಟರ್, ನಷ್ಟ 5.7 ಮೀಟರ್. ದಿಬ್ಬದ ಮೇಲೆ ಒಂದಡಿಯಷ್ಟು ಒತ್ತಡ ಉಳಿಯತ್ತೆ, ಅದರ ಮೇಲೆ ಒಂದು ಏರ್ ವಾಲ್ವ್ ಹಾಕಿದ್ರೆ ಆಯ್ತು.