ಕ್ಯೂಎಲ್‌ಇಡಿ: ಒಂದು ಅಕ್ಷರದ ಗೊಂದಲ

ಹೋದ ವಾರ ಜಯನಗರದ ಟಿವಿ ಅಂಗಡಿಯೊಂದರಲ್ಲಿ ಸೇಲ್ಸ್ ಹುಡುಗ ನನ್ನ ತಮ್ಮನಿಗೆ ಹೇಳುತ್ತಿದ್ದ: "ಕ್ಯೂಎಲ್‌ಇಡಿ ಸರ್, ಓಎಲ್‌ಇಡಿ ಥರಾನೇ. ಒಂದಕ್ಷರ ಬೇರೆ ಅಷ್ಟೆ." ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಎಲ್‌ಇಡಿ ಅಂದರೆ ಬೆಳಕು ಸೂಸುವ ಡಯೋಡು. ಎಲ್‌ಇಡಿ ಟಿವಿಯಲ್ಲಿ ಚಿತ್ರ ಮೂಡಿಸುವುದು ಮಾತ್ರ ಎಲ್‌ಸಿಡಿ ಪರದೆ, ಎಲ್‌ಇಡಿ ಅದರ ಬೆನ್ನಿಗಿರುವ ದೀಪ. ಮೊದಲು ಆ ಜಾಗದಲ್ಲಿ ಕಡ್ಡಿಯಂಥ ಟ್ಯೂಬ್‌ಲೈಟುಗಳಿದ್ದವು. ದೀಪ ಬದಲಾದ ನೆಪದಲ್ಲಿ ಟಿವಿಯ ಹೆಸರೂ ಬದಲಾಯಿತು. 'ಕ್ಯೂ' ಅಂದರೆ ಕ್ವಾಂಟಮ್ ಡಾಟ್, ಕೆಲವೇ ನ್ಯಾನೋಮೀಟರಿನ ಹರಳು. ಇವನ್ನು ತುಂಬಿದ ಹಾಳೆ ನೀಲಿ ದೀಪದ ಒಂದಷ್ಟು ಬೆಳಕನ್ನು ಅಚ್ಚ ಕೆಂಪು, ಹಸಿರು ಮಾಡುತ್ತದೆ. ಬಣ್ಣ ಗಾಢವಾಗುತ್ತದೆ, ನಿಜ. ಆದರೆ ಕತ್ತಲ ದೃಶ್ಯದಲ್ಲೂ ಹಿಂದಿನ ದೀಪ ಉರಿಯುತ್ತಲೇ ಇರುವುದರಿಂದ ಬೆಳಕು ಸೋರಿ ಕಪ್ಪು ಬಣ್ಣ ಬೂದಿಯಾಗಿ ಕಾಣುತ್ತದೆ. 'ಓ' ಎಂದರೆ ಆರ್ಗ್ಯಾನಿಕ್ (ಜೀವಾಮೃತ ಹಾಕಿ ಬೆಳೆದದ್ದಲ್ಲ, ಇಂಗಾಲದ ಸಂಯುಕ್ತ). ಅಲ್ಲಿ ಹಿಂದೆ ದೀಪವೇ ಇಲ್ಲ. ಒಂದೊಂದು ಚುಕ್ಕಿಯೂ ತಾನೇ ಬೆಳಗಿ ತಾನೇ ಆರುತ್ತದೆ, ಹಾಗಾಗಿ ಕಪ್ಪು ಕಪ್ಪಾಗಿಯೇ ಇರುತ್ತದೆ.

ಬೆಲೆಯ ಮೆಟ್ಟಿಲುಗಳನ್ನೂ ಈ ದೀಪದಿಂದಲೇ ಅಳೆಯಬಹುದು. 15,000ದೊಳಗಿನ 32 ಇಂಚಿನಲ್ಲಿ ಇದರ ಚರ್ಚೆಯೇ ಬೇಡ, ಎಚ್‌ಡಿಎಂಐ ಕಿಂಡಿ ಎಷ್ಟಿವೆ ಎಂದು ನೋಡಿದರೆ ಸಾಕು. 60,000ದ ಸುಮಾರಿಗೆ ಹೋದರೆ ದೀಪವನ್ನು ಭಾಗಭಾಗವಾಗಿ ಮಂಕು ಮಾಡುವ ಲೋಕಲ್ ಡಿಮ್ಮಿಂಗ್ ಇದೆಯೇ, ಎಷ್ಟು ಭಾಗ ಎಂದು ಕೇಳಿ. ಕಡು ಕಪ್ಪು, ಪ್ರಖರ ಬಿಳುಪು ಎರಡನ್ನೂ ಒಟ್ಟಿಗೆ ತೋರಿಸುವ ಎಚ್‌ಡಿಆರ್ ಎಂಬ ಪದಕ್ಕೆ ಅರ್ಥ ಬರುವುದು ಅಲ್ಲಿಂದಾಚೆಗೆ. ಓಎಲ್‌ಇಡಿಗೆ ಲಕ್ಷದ ಆಸುಪಾಸು ಬೇಕು.

ತಮ್ಮನ ಬಜೆಟ್ಟು 30,000. ಅದಕ್ಕೆ 43 ಇಂಚಿನ 4ಕೆ ಬರುತ್ತದೆ, 'ಕ್ಯೂ' ಬೇಕೆಂದರೆ ಇನ್ನೂ ಮೂರ್ನಾಲ್ಕು ಸಾವಿರ. ಈ ದರದಲ್ಲಿ ಆ ಅಕ್ಷರಕ್ಕಿಂತ ಎಲ್‌ಸಿಡಿ ಪರದೆ, ಅಂದರೆ ಪ್ಯಾನೆಲ್, ಯಾವ ಜಾತಿಯದು ಎಂಬುದೇ ಮುಖ್ಯ. ವಿಎ ಪ್ಯಾನೆಲ್ಲಿನಲ್ಲಿ ಕಪ್ಪು ಚೆನ್ನಾಗಿರುತ್ತದೆ, ಪಕ್ಕದಿಂದ ನೋಡಿದರೆ ಬಣ್ಣ ತೇಲಿಹೋಗುತ್ತದೆ. ಐಪಿಎಸ್‌ನದು ಇದರ ತಿರುಗುಮುರುಗು. ಸೇಲ್ಸ್ ಹುಡುಗನಿಗೆ ಎರಡರ ಹೆಸರೂ ಗೊತ್ತಿರಲಿಲ್ಲ. ಅಂಗಡಿಗೆಂದು ಬೆಳಕು, ಬಣ್ಣ ಏರಿಸಿಡುವ ಸ್ಟೋರ್ ಮೋಡ್ ತೆಗೆಸಿ, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರವಿರುವ ವಿಡಿಯೋ ಹಾಕಿಸಿದೆ. ಅಂಗಡಿಯ ಬೆಳಕು ಬೀಳದಂತೆ ಎರಡೂ ಕೈ ಅಡ್ಡ ಹಿಡಿದು ನೋಡಿದರೆ 'ಕ್ಯೂ' ಇದ್ದದ್ದೂ ಬೂದಿ, ಇಲ್ಲದ್ದೂ ಬೂದಿ. ಆಮೇಲೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನಿಂತೆವು. 'ಕ್ಯೂ' ಟಿವಿಯಲ್ಲಿ ವಾರ್ತೆ ಓದುವವಳ ಮುಖ ಸುಣ್ಣ ಬಳಿದಂತಾಯಿತು, ಅದರದು ವಿಎ ಪ್ಯಾನೆಲ್ ಇರಬೇಕು.

ತಮ್ಮನ ಮನೆಯಲ್ಲಿ ಅಜ್ಜಿಯ ಮಂಚವಿರುವುದು ಹಾಲಿನ ಪಕ್ಕದ ಗೋಡೆಗೆ. ಧಾರಾವಾಹಿ ನೋಡುವುದು ಟ್ಯೂಬ್‌ಲೈಟ್ ಹಾಕಿಕೊಂಡೇ, ಕಪ್ಪು ಬೂದಿಯಾದರೂ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ 'ಕ್ಯೂ' ಬಿಟ್ಟು, ಪಕ್ಕದಿಂದಲೂ ಬಣ್ಣ ನಿಂತ ಸಾದಾ 4ಕೆ ತಂದರು.